ಸರಾಸರಿ 25.3 ಇರಬೇಕಿತ್ತು, 29.7 ತೋರಿಸುತ್ತಿದೆ: ಕೂಡುವಾಗ ಕಳೆದುಹೋಗುವ ಚೂರುಗಳನ್ನು ಹಿಡಿಯುವ ಬಗೆ

ದೋಷ ಹೇಗೆ ಕಾಣಿಸುತ್ತದೆ

ತಾಪಮಾನ ಅಳೆಯುವ ಒಂದು ಸಣ್ಣ ಬೋರ್ಡ್ ಇದೆ ಅಂದುಕೊಳ್ಳಿ. ಸೆಕೆಂಡಿಗೆ 10 ರೀಡಿಂಗ್ ತೆಗೆದುಕೊಳ್ಳುತ್ತದೆ. ಪ್ರತಿ ರೀಡಿಂಗನ್ನೂ `sum` ಎಂಬ `float` ಮೊತ್ತಕ್ಕೆ ಸೇರಿಸುತ್ತದೆ, ಎಣಿಕೆಯನ್ನು ಒಂದು ಏರಿಸುತ್ತದೆ. ಕೇಳಿದಾಗ ಮೊತ್ತವನ್ನು ಎಣಿಕೆಯಿಂದ ಭಾಗಿಸಿ, ಶುರುವಿನಿಂದ ಇವತ್ತಿನವರೆಗಿನ ಸರಾಸರಿ ಕೊಡುತ್ತದೆ. ಇಷ್ಟೇ ಕೆಲಸ. ಮೇಜಿನ ಮೇಲೆ ಒಂದು ಗಂಟೆ ಓಡಿಸಿದರೆ ಎಲ್ಲ ಸರಿಯಾಗಿಯೇ ಇರುತ್ತದೆ.

ತೊಂದರೆ ಶುರುವಾಗುವುದು ಎರಡನೇ ದಿನದಿಂದ. ಇಂಥ ಒಂದು ಬೋರ್ಡ್ ನನ್ನ ಕೈಗೆ ಬಂದಾಗ ನಾನು ಮೊದಲು ಅನುಮಾನ ಪಟ್ಟಿದ್ದು ಸೆನ್ಸರ್ ಮೇಲೆ. ಅದನ್ನು ಬದಲಾಯಿಸಿದೆ, ವೈರ್ ಬದಲಾಯಿಸಿದೆ, ಪವರ್ ಸಪ್ಲೈ ಕೂಡ ಬದಲಾಯಿಸಿದೆ. ಏನೂ ಆಗಲಿಲ್ಲ. ಕೊನೆಗೆ ಸೆನ್ಸರನ್ನೇ ಬಿಚ್ಚಿಟ್ಟು, ಕೋಡಿನೊಳಗೆ 25.3 ಎಂಬ ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಕೂಡಿಸಿದೆ. ಸಂಖ್ಯೆ ಬದಲಾಗುವುದೇ ಇಲ್ಲ, ಹಾಗಾಗಿ ಸರಾಸರಿ ಯಾವತ್ತೂ 25.3 ಇರಬೇಕು. ಬಂದಿದ್ದು ಹೀಗೆ:

| ರೀಡಿಂಗ್‌ಗಳು | ಸೆಕೆಂಡಿಗೆ 10ರಂತೆ ದಿನ | ತೋರಿಸಿದ ಸರಾಸರಿ |
|---|---|---|
| 10 ಲಕ್ಷ | 1.2 | 25.46 |
| 40 ಲಕ್ಷ | 4.6 | 24.52 |
| 55 ಲಕ್ಷ | 6.4 | 24.38 |
| 1 ಕೋಟಿ | 11.6 | 27.80 |
| 1.809 ಕೋಟಿ | 20.9 | 29.68 |
| 3 ಕೋಟಿ | 34.7 | 17.90 |

ಸ್ವಲ್ಪ ಮೇಲೆ, ಆಮೇಲೆ ಕೆಳಗೆ, ಮತ್ತೆ ತುಂಬ ಮೇಲೆ, ಕೊನೆಗೆ ಒಂದೇ ಸಮನೆ ಇಳಿಕೆ. ಗ್ರಾಫ್ ನೋಡಿದವರಿಗೆ ಇದು ಹವಾಮಾನದ ಏರಿಳಿತದ ಹಾಗೇ ಕಾಣುತ್ತದೆ. ಅದಕ್ಕೇ ಈ ದೋಷ ಬಹಳ ದಿನ ತಪ್ಪಿಸಿಕೊಂಡಿರುತ್ತದೆ. ಎಲ್ಲಿಯೂ ಎರರ್ ಬರುವುದಿಲ್ಲ, ಬೋರ್ಡ್ ರೀಸೆಟ್ ಆಗುವುದಿಲ್ಲ. ಯಾರಾದರೂ ರೀಸೆಟ್ ಮಾಡಿದರೆ ಮೊತ್ತ ಸೊನ್ನೆಯಿಂದ ಶುರುವಾಗಿ ದೋಷ ಮಾಯವಾಗುತ್ತದೆ. "ಆಫ್ ಮಾಡಿ ಆನ್ ಮಾಡಿದೆ, ಸರಿ ಹೋಯ್ತು" ಅಂತ ಹೇಳಿಬಿಡುತ್ತಾರೆ.

ಮೊದಲು ಸೆನ್ಸರನ್ನು ಪಕ್ಕಕ್ಕಿಡಿ

ಸರಾಸರಿ ತಪ್ಪಿದ್ದಾಗಲೇ ಕಚ್ಚಾ ರೀಡಿಂಗ್‌ಗಳನ್ನು ಒಂದು ನಿಮಿಷ ಪ್ರಿಂಟ್ ಮಾಡಿ. ಸೆಕೆಂಡಿಗೆ 10ರಂತೆ 600 ಸಂಖ್ಯೆ ಸಿಗುತ್ತವೆ. ಅವೆಲ್ಲ 25.1ರಿಂದ 25.5ರ ಒಳಗಿದ್ದು, ಬೋರ್ಡ್ ಹೇಳುವ ಸರಾಸರಿ ಮಾತ್ರ 29 ಇದ್ದರೆ ಸೆನ್ಸರ್ ತಪ್ಪು ಮಾಡಿಲ್ಲ. ಕೂಡಿದ ಯಾವ ಸಂಖ್ಯೆಯೂ 26 ದಾಟದಿರುವಾಗ ಸರಾಸರಿ 29 ಆಗುವುದಕ್ಕೆ ದಾರಿಯೇ ಇಲ್ಲ, ಅಲ್ವಾ? ದೋಷ ಕೂಡುವ ಜಾಗದಲ್ಲಿದೆ.

ಹಾಗೆಯೇ ಎಣಿಕೆಯ ವೇರಿಯಬಲ್ ಯಾವ ಬಗೆಯದು ಅಂತ ನೋಡಿಬಿಡಿ. ಅದನ್ನೂ `float` ಮಾಡಿಟ್ಟಿದ್ದರೆ 16777216 ತಲುಪಿದ ಮೇಲೆ ಒಂದೊಂದಾಗಿ ಏರುವುದು ನಿಂತುಹೋಗುತ್ತದೆ. ಎಣಿಕೆ ಯಾವಾಗಲೂ ಪೂರ್ಣಾಂಕದಲ್ಲಿರಲಿ. ಮೇಲಿನ ಪಟ್ಟಿಯಲ್ಲಿ ಎಣಿಕೆ ಸರಿಯಾಗಿಯೇ ಇತ್ತು. ತಪ್ಪಿದ್ದು ಮೊತ್ತ ಮಾತ್ರ.

ಒಳಗೆ ಏನಾಗುತ್ತಿದೆ

`float` ಸಂಖ್ಯೆಗೆ 32 ಬಿಟ್. ಅದರಲ್ಲಿ ಅಂಕಿಗಳಿಗೆ ಸಿಗುವುದು 23 ಬಿಟ್ ಮಾತ್ರ, ಬರೆಯದೆಯೇ ಇದೆ ಎಂದುಕೊಳ್ಳುವ ಮೊದಲ 1 ಸೇರಿಸಿದರೆ 24. ಉಳಿದದ್ದು ಚಿಹ್ನೆಗೆ ಮತ್ತು ಘಾತಕ್ಕೆ. 24 ಬಿಟ್ ಅಂದರೆ ದಶಮಾನದಲ್ಲಿ ಹೆಚ್ಚು ಕಡಿಮೆ 7 ಅಂಕಿ. ಸಂಖ್ಯೆ ದೊಡ್ಡದಾದ ಹಾಗೆ ಆ 7 ಅಂಕಿಗಳು ಎಡಕ್ಕೆ ಸರಿಯುತ್ತವೆ, ಬಲತುದಿಯ ಚೂರುಗಳಿಗೆ ಜಾಗ ಇರುವುದಿಲ್ಲ.

ಇದನ್ನು ಮೆಟ್ಟಿಲುಗಳ ಹಾಗೆ ನೋಡುವುದು ನನಗೆ ಸುಲಭ ಅನ್ನಿಸುತ್ತದೆ. `float` ನಿಲ್ಲಬಹುದಾದ್ದು ಮೆಟ್ಟಿಲುಗಳ ಮೇಲೆ ಮಾತ್ರ, ಮಧ್ಯದಲ್ಲಿ ನಿಲ್ಲಲಾರದು. 25ರ ಆಸುಪಾಸಿನಲ್ಲಿ ಮೆಟ್ಟಿಲ ಎತ್ತರ ತೀರಾ ಸಣ್ಣದು, 2ರ 19ನೇ ಘಾತದಲ್ಲಿ ಒಂದು ಪಾಲು. ಆದರೆ ಸಂಖ್ಯೆ ಎರಡರ ಒಂದೊಂದು ಘಾತ ದಾಟಿದಾಗಲೂ ಮೆಟ್ಟಿಲು ದುಪ್ಪಟ್ಟಾಗುತ್ತದೆ. 16777216 ದಾಟಿದರೆ ಎತ್ತರ 2. 33554432 ದಾಟಿದರೆ 4. ಆಮೇಲೆ 8, 16, 32.

ಈಗ 25.3ನ್ನು ಕೂಡಿಸಿ ನೋಡಿ. ಮೊತ್ತ 16777216 ದಾಟಿದೆ, ಮೆಟ್ಟಿಲು 2. ಉತ್ತರ ಹತ್ತಿರದ ಮೆಟ್ಟಿಲಿಗೆ ಹೋಗಬೇಕು. 25.3ಕ್ಕೆ ಹತ್ತಿರದ ಎರಡರ ಗುಣಕ 26. ಹಾಗಾಗಿ ಪ್ರತಿ ಸಲ 25.3ರ ಬದಲು 26 ಸೇರುತ್ತದೆ. ಮೆಟ್ಟಿಲು 4 ಆದಾಗ 24 ಸೇರುತ್ತದೆ, 8 ಆದಾಗಲೂ 24. ಸರಾಸರಿ ಇಳಿದಿದ್ದು ಇಲ್ಲೇ. 16ರ ಮೆಟ್ಟಿಲಿನಲ್ಲಿ 25.3ಕ್ಕೆ ಹತ್ತಿರದ್ದು 32. 32ರ ಮೆಟ್ಟಿಲಿನಲ್ಲೂ 32. ಸರಾಸರಿ 29.68ರವರೆಗೆ ಏರಿದ್ದು ಹೀಗೆ. ಮೊತ್ತ 536870912 ಮುಟ್ಟಿದ ಕೂಡಲೇ ಮೆಟ್ಟಿಲು 64. ಅದರ ಅರ್ಧ 32. 25.3 ಅರ್ಧಕ್ಕಿಂತ ಕಡಿಮೆ, ಹಾಗಾಗಿ ಹತ್ತಿರದ ಮೆಟ್ಟಿಲು ಈಗ ನಿಂತಿರುವುದೇ. ಸೇರುವುದು ಸೊನ್ನೆ. ಅಲ್ಲಿಂದ ಮುಂದೆ ಎಷ್ಟು ಕೋಟಿ ರೀಡಿಂಗ್ ಬಂದರೂ ಮೊತ್ತ ಕದಲುವುದಿಲ್ಲ. ಎಣಿಕೆ ಮಾತ್ರ ಏರುತ್ತದೆ, ಸರಾಸರಿ ಇಳಿಯುತ್ತಲೇ ಹೋಗುತ್ತದೆ.

ರೌಂಡಿಂಗ್ ತಪ್ಪುಗಳು ಒಮ್ಮೆ ಮೇಲೆ ಒಮ್ಮೆ ಕೆಳಗೆ ಬಿದ್ದು ಒಂದನ್ನೊಂದು ಹೊಡೆದುಹಾಕುತ್ತವೆ ಎಂದು ಬಹಳ ಜನ ನಂಬುತ್ತಾರೆ. ನಾನೂ ನಂಬಿದ್ದೆ. ಅದು ರೀಡಿಂಗ್‌ಗಳು ಮೆಟ್ಟಿಲಿಗಿಂತ ಜಾಸ್ತಿ ಹರಡಿಕೊಂಡಿದ್ದಾಗ ಮಾತ್ರ ನಿಜ. ಇಲ್ಲಿ ರೀಡಿಂಗ್‌ಗಳು 25.1ರಿಂದ 25.5ರ ನಡುವೆ ಓಡಾಡುತ್ತವೆ. ಅವೆಲ್ಲವೂ ಒಂದೇ ಮೆಟ್ಟಿಲಿಗೆ, ಒಂದೇ ದಿಕ್ಕಿಗೆ ಉರುಳುತ್ತವೆ. ಸೆನ್ಸರಿನ ಗದ್ದಲ ಇಲ್ಲಿ ಯಾವ ಸಹಾಯಕ್ಕೂ ಬರುವುದಿಲ್ಲ.

ಇದೇ ದೋಷ ಎಂದು ಖಚಿತ ಮಾಡಿಕೊಳ್ಳುವುದು

ಮೊತ್ತವನ್ನು ಪೂರ್ತಿ ಅಂಕಿಗಳೊಂದಿಗೆ ಪ್ರಿಂಟ್ ಮಾಡಿ. `%.1f` ಸಾಕು. `%g` ಬೇಡ, ಅದು 6 ಅಂಕಿಗೇ ನಿಲ್ಲಿಸಿ ನಿಜವನ್ನು ಮುಚ್ಚಿಡುತ್ತದೆ. ಹತ್ತು ರೀಡಿಂಗ್‌ಗಳ ಕಾಲ ಒಂದರ ಕೆಳಗೊಂದು ಮೊತ್ತ ನೋಡಿ. ಏರಿಕೆ ಪ್ರತಿ ಸಲ ಸರಿಯಾಗಿ 24 ಅಥವಾ 32 ಇದ್ದರೆ, ರೀಡಿಂಗ್ ಬದಲಾದರೂ ಏರಿಕೆ ಬದಲಾಗದಿದ್ದರೆ, ಮೆಟ್ಟಿಲು ಕಣ್ಣಿಗೆ ಬಿದ್ದ ಹಾಗೆ. ಮೊತ್ತ 536870912ರಂಥ ಎರಡರ ಘಾತದ ಮೇಲೆ ಅಲುಗಾಡದೆ ಕೂತಿದ್ದರೆ ಇನ್ನೇನೂ ಹುಡುಕಬೇಕಿಲ್ಲ. ಆಗ `sum + x == sum` ಎಂಬ ಹೋಲಿಕೆ ನಿಜ ಎಂದೇ ಬರುತ್ತದೆ.

ಆಮೇಲೆ ಸಂಗ್ರಹಿಸಿದ ರೀಡಿಂಗ್‌ಗಳನ್ನು ಕಂಪ್ಯೂಟರಿನಲ್ಲಿ ಕೂಡಿ ನೋಡೋಣ ಅನ್ನಿಸುತ್ತದೆ. ಇಲ್ಲಿ ಒಂದು ಗುಂಡಿ ಇದೆ. ಕಂಪ್ಯೂಟರಿನಲ್ಲಿ ಕೂಡಿದರೆ ಉತ್ತರ ಸರಿಯಾಗಿಯೇ ಬರುತ್ತದೆ, ನೀವು ಮತ್ತೆ ಬೋರ್ಡಿನ ಮೇಲೆ ಅನುಮಾನ ಪಡುತ್ತೀರಿ. ಕಾರಣ, ಪೈಥಾನಿನ ನಂಪೈ ಲೈಬ್ರರಿಯ `np.sum` ಒಂದರ ಹಿಂದೊಂದು ಕೂಡುವುದಿಲ್ಲ. ಅರೇಯನ್ನು ತುಂಡು ಮಾಡಿ, ತುಂಡುಗಳನ್ನು ಕೂಡಿ, ಆ ಮೊತ್ತಗಳನ್ನು ಜೋಡಿ ಜೋಡಿಯಾಗಿ ಕೂಡುತ್ತದೆ. ಹೀಗೆ ಮಾಡಿದರೆ ದೊಡ್ಡದರ ಜೊತೆ ಸಣ್ಣದು ಸೇರುವ ಸಂದರ್ಭವೇ ಕಡಿಮೆ. ಪೈಥಾನಿನ `sum` ಕೂಡ 3.12ರಿಂದ ಫ್ಲೋಟ್‌ಗಳನ್ನು ಕೂಡುವಾಗ ಚೂರುಗಳನ್ನು ಹಿಡಿದಿಟ್ಟುಕೊಳ್ಳುವ ವಿಧಾನವನ್ನೇ ಬಳಸುತ್ತದೆ. ಬೋರ್ಡ್ ಮಾಡಿದ ಹಾಗೇ ಮಾಡಬೇಕೆಂದರೆ `np.cumsum` ಬಳಸಿ. ಅದು ಒಂದೊಂದಾಗಿಯೇ ಕೂಡುತ್ತದೆ.

```python
import math, numpy as np
x = np.full(20_000_000, 25.3, dtype=np.float32)
print(float(np.cumsum(x)[-1]))
print(float(np.sum(x)))
print(math.fsum(x))
```

ಮೊದಲ ಸಾಲು 536870912.0 ಕೊಡುತ್ತದೆ, ಬೋರ್ಡಿನ ಹಾಗೇ ಹೆಪ್ಪುಗಟ್ಟಿದ ಮೊತ್ತ. ಎರಡನೆಯದು ಸುಮಾರು 50.6 ಕೋಟಿ, ಅಂದರೆ ಸರಿ. ಮೂರನೆಯದು ಸುಮಾರು 505999984.74. `math.fsum` ಕೊನೆಯಲ್ಲಿ ಒಂದೇ ಒಂದು ಸಲ ರೌಂಡ್ ಮಾಡುತ್ತದೆ, ಹಾಗಾಗಿ ಅದನ್ನೇ ನಾನು ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ. 506000000 ಯಾಕೆ ಬರಲಿಲ್ಲ ಎಂದರೆ, `float`ನಲ್ಲಿ 25.3 ಎಂಬ ಸಂಖ್ಯೆಯೇ ಇಲ್ಲ. ಹತ್ತಿರದ ಮೆಟ್ಟಿಲು 25.29999924. ಆ ಸಣ್ಣ ಕೊರತೆ ಎರಡು ಕೋಟಿ ಸಲ ಸೇರಿ 15 ಆಗಿದೆ. ಇದು ಕೂಡುವುದರ ತಪ್ಪಲ್ಲ, ರೀಡಿಂಗಿನಲ್ಲೇ ಇರುವುದು. ಕೂಡುವ ಯಾವ ವಿಧಾನವೂ ಅದನ್ನು ಸರಿ ಮಾಡಲಾರದು, ಸರಾಸರಿಯಲ್ಲಿ ಅದು ಕಾಣುವುದೂ ಇಲ್ಲ.

ಪರಿಹಾರ: ಬಾಕಿಯನ್ನು ಬರೆದಿಟ್ಟುಕೊಳ್ಳುವುದು

ವಿಲಿಯಂ ಕಹಾನ್ 1965ರಲ್ಲಿ ಪ್ರಕಟಿಸಿದ ಉಪಾಯ ಇದು. ಪ್ರತಿ ಸಲ ಕೂಡಿದಾಗಲೂ ಎಷ್ಟು ಸೇರಬೇಕಿತ್ತು, ನಿಜಕ್ಕೂ ಎಷ್ಟು ಸೇರಿತು ಎಂದು ನೋಡಿ, ವ್ಯತ್ಯಾಸವನ್ನು ಇನ್ನೊಂದು ವೇರಿಯಬಲ್‌ನಲ್ಲಿ ಬಾಕಿಯಾಗಿ ಇಡುವುದು. ಮುಂದಿನ ರೀಡಿಂಗ್ ಬಂದಾಗ ಮೊದಲು ಆ ಬಾಕಿ ತೀರಿಸುವುದು.

```c
static float sum = 0.0f, c = 0.0f;

void add(float x) {
    float y = x - c;
    float t = sum + y;
    c = (t - sum) - y;
    sum = t;
}
```

`c = (t - sum) - y` ಎಂಬ ಸಾಲೇ ಇಡೀ ಉಪಾಯದ ಜೀವ. `t - sum` ಅಂದರೆ ನಿಜಕ್ಕೂ ಸೇರಿದ್ದು. ಅದರಿಂದ ಸೇರಬೇಕಿದ್ದ `y` ಕಳೆದರೆ, ಎಷ್ಟು ಜಾಸ್ತಿ ಸೇರಿತು ಎಂದು ಸಿಗುತ್ತದೆ. `c` ಧನ ಇದ್ದರೆ ಜಾಸ್ತಿ ಸೇರಿದೆ, ಋಣ ಇದ್ದರೆ ಕಡಿಮೆ ಸೇರಿದೆ.

ಕೈಯಲ್ಲೇ ಮಾಡಿ ನೋಡೋಣ. ಮೊತ್ತ 268435456ರಲ್ಲಿದೆ, ಮೆಟ್ಟಿಲು 32, ಬಾಕಿ ಸೊನ್ನೆ. 25.3 ಬಂತು. ಸೇರಿದ್ದು 32, ಜಾಸ್ತಿಯಾಗಿದ್ದು 6.7. ಎರಡನೇ 25.3 ಬಂದಾಗ ಮೊದಲು 6.7 ಕಳೆಯುತ್ತೇವೆ, 18.6 ಉಳಿಯಿತು. ಅದು 16ಕ್ಕಿಂತ ಜಾಸ್ತಿ, ಹಾಗಾಗಿ ಮತ್ತೆ 32 ಸೇರಿತು. ಬಾಕಿ 13.4. ಮೂರನೆಯದರಲ್ಲಿ 25.3ರಿಂದ 13.4 ಕಳೆದರೆ 11.9. ಇದು 16ಕ್ಕಿಂತ ಕಡಿಮೆ, ಮೊತ್ತ ಕದಲಲಿಲ್ಲ. ಬಾಕಿ ಈಗ -11.9, ಅಂದರೆ ಅಷ್ಟು ಸೇರಬೇಕಿದೆ. ನಾಲ್ಕನೆಯದಕ್ಕೆ 11.9 ಕೂಡಿ 37.2 ಆಯಿತು, ಸೇರಿದ್ದು 32, ಬಾಕಿ -5.2. ಐದನೆಯದು 30.5 ಆಯಿತು, ಸೇರಿದ್ದು 32, ಬಾಕಿ 1.5.

ಲೆಕ್ಕ ಹಾಕಿ. ಐದು ರೀಡಿಂಗ್‌ಗಳಲ್ಲಿ ಮೊತ್ತ ನಾಲ್ಕು ಸಲ 32 ಏರಿದೆ, ಒಟ್ಟು 128. ಅದರಿಂದ ಜಾಸ್ತಿಯಾದ 1.5 ಕಳೆದರೆ 126.5. ಐದು ಸಲ 25.3 ಅಂದರೂ 126.5. ಚೂರೂ ಕಳೆದುಹೋಗಿಲ್ಲ. ಮೆಟ್ಟಿಲು ಸಣ್ಣದಾಗಲಿಲ್ಲ, ಮೊತ್ತ ಈಗಲೂ 32ರ ಗುಣಕದ ಮೇಲೇ ನಿಲ್ಲುತ್ತದೆ. ಆದರೆ ಅದು ಸರಿಯಾದ ಮೊತ್ತಕ್ಕೆ ಹತ್ತಿರದ ಮೆಟ್ಟಿಲನ್ನು ಬಿಟ್ಟು ದೂರ ಹೋಗುವುದಿಲ್ಲ. ಕೋಟಿ ರೀಡಿಂಗ್‌ಗಳಲ್ಲಿ ಭಾಗಿಸಿದ ಮೇಲೆ 32ರ ತಪ್ಪು ಸರಾಸರಿಯಲ್ಲಿ ಎಲ್ಲಿ ಕಾಣಬೇಕು?

ಖರ್ಚು: ಒಂದು ಕೂಡುವಿಕೆಯ ಜಾಗದಲ್ಲಿ ನಾಲ್ಕು, ಜೊತೆಗೆ 4 ಬೈಟ್ ಮೆಮೊರಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಿಮ್ಮ ಬೋರ್ಡಿನಲ್ಲಿ 64 ಬಿಟ್ `double` ಇದ್ದರೆ, ಮೊತ್ತವನ್ನು `double` ಮಾಡಿಬಿಡಿ. ಈ ಪ್ರಮಾಣದ ಕೆಲಸಕ್ಕೆ ಅದೇ ಸಾಕು. ಹಾರ್ಡ್‌ವೇರ್ `double` ಇಲ್ಲದ ಚಿಪ್‌ಗಳಲ್ಲಿ ಅದು ಸಾಫ್ಟ್‌ವೇರ್‌ನಲ್ಲಿ ನಿಧಾನವಾಗಿ ನಡೆಯುತ್ತದೆ, ಆದರೆ ಸೆಕೆಂಡಿಗೆ 10 ಸಲ ಎಂದರೆ ಅದೇನೂ ದೊಡ್ಡ ಹೊರೆಯಲ್ಲ. ಇನ್ನೂ ಒಳ್ಳೆಯದು, ಸೆನ್ಸರ್ ಕೊಡುವ ಪೂರ್ಣಾಂಕವನ್ನೇ 64 ಬಿಟ್ ಪೂರ್ಣಾಂಕದಲ್ಲಿ ಕೂಡಿ, ಕೊನೆಗೆ ಒಮ್ಮೆ ಮಾತ್ರ ಡಿಗ್ರಿಗೆ ಬದಲಾಯಿಸುವುದು. ಅಲ್ಲಿ ರೌಂಡಿಂಗ್ ಎಂಬುದೇ ಇಲ್ಲ. "`double` ಹಾಕಿದೆ, ಏನೂ ಬದಲಾಗಲಿಲ್ಲ" ಎನ್ನುವವರು `sizeof(double)` ಪ್ರಿಂಟ್ ಮಾಡಿ ನೋಡಿ. ಆರ್ಡುಯಿನೊ ಊನೊದಂಥ 8 ಬಿಟ್ ಬೋರ್ಡಿನಲ್ಲಿ ಅದು 4 ಎಂದು ಬರುತ್ತದೆ. ಹೆಸರಷ್ಟೇ `double`, ಒಳಗಿರುವುದು `float`. ಅಲ್ಲಿ ಬಾಕಿ ಇಡುವ ವಿಧಾನ ನಿಜಕ್ಕೂ ಬೇಕು.

ಹಾಕಿದ ಮೇಲೂ ಸರಿ ಹೋಗದಿದ್ದರೆ

ನನಗೆ ಅತಿ ಜಾಸ್ತಿ ಸಮಯ ತಿಂದಿದ್ದು ಇದು. ಕೋಡ್ ಸರಿ ಇದೆ, ಅಕ್ಷರ ಅಕ್ಷರ ಹೋಲಿಸಿದ್ದೇನೆ, ಆದರೂ ಮೊತ್ತ ಅದೇ 536870912ರಲ್ಲಿ ಹೆಪ್ಪುಗಟ್ಟುತ್ತದೆ. ಡೀಬಗ್ ಬಿಲ್ಡ್ ಸರಿ, ರಿಲೀಸ್ ಬಿಲ್ಡ್ ತಪ್ಪು.

`c` ಪ್ರಿಂಟ್ ಮಾಡಿ. ಸಾವಿರ ರೀಡಿಂಗ್ ಆದ ಮೇಲೂ ಅದು ಸರಿಯಾಗಿ 0 ಇದ್ದರೆ ನಿಮ್ಮ ಸಾಲನ್ನು ಕಂಪೈಲರ್ ತೆಗೆದುಹಾಕಿದೆ. ಶಾಲೆಯ ಬೀಜಗಣಿತದ ಪ್ರಕಾರ ನೋಡಿ: `t` ಅಂದರೆ `sum + y`. ಹಾಗಾದರೆ `(t - sum) - y` ಅಂದರೆ `y - y`, ಅಂದರೆ ಸೊನ್ನೆ. ಕಾಗದದ ಮೇಲೆ ಇದು ಸರಿ. ಆದರೆ ನಮಗೆ ಬೇಕಾಗಿದ್ದೇ ಕಾಗದಕ್ಕೂ ಯಂತ್ರಕ್ಕೂ ಇರುವ ಆ ವ್ಯತ್ಯಾಸ. ಮಾಮೂಲಿ `-O2`, `-O3`, `-Os`ಗಳಲ್ಲಿ ಜಿಸಿಸಿ ಮತ್ತು ಕ್ಲ್ಯಾಂಗ್ ಇಂಥ ಸರಳೀಕರಣ ಮಾಡುವುದಿಲ್ಲ. ಮಾಡುವುದು `-ffast-math` ಕೊಟ್ಟಾಗ. `-Ofast` ಕೂಡ ಅದನ್ನು ಒಳಗೊಂಡಿದೆ. ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ `/fp:fast`.

ಬಿಲ್ಡ್ ಫೈಲಿನಲ್ಲಿ ಈ ಹೆಸರುಗಳನ್ನು ಹುಡುಕಿ. ಬೇರೆಯವರು ಯಾವಾಗಲೋ ವೇಗಕ್ಕೆಂದು ಸೇರಿಸಿದ್ದು ಅಲ್ಲಿರಬಹುದು. ಇಡೀ ಪ್ರಾಜೆಕ್ಟಿನಿಂದ ತೆಗೆಯಲಾಗದಿದ್ದರೆ `add` ಫಂಕ್ಷನ್ನನ್ನು ಬೇರೆ ಫೈಲಿಗೆ ಹಾಕಿ, ಆ ಫೈಲಿಗೆ ಮಾತ್ರ `-fno-fast-math` ಕೊಡಿ. ಆ ಫಂಕ್ಷನ್ ಅದೇ ಫೈಲಿನಲ್ಲೇ ಇರಲಿ, ಹೆಡರಿನಲ್ಲಿ ಬರೆದರೆ ಅದನ್ನು ಸೇರಿಸಿಕೊಂಡ ಫೈಲಿನ ಫ್ಲ್ಯಾಗುಗಳೇ ಅದಕ್ಕೂ ಹತ್ತುತ್ತವೆ. `t`ಯನ್ನು `volatile` ಮಾಡಿದರೂ ಕೆಲಸ ನಡೆಯುತ್ತದೆ. ಅನುಮಾನ ಖಚಿತ ಮಾಡಿಕೊಳ್ಳಲು ಅದು ಒಳ್ಳೆಯ ಪರೀಕ್ಷೆ: `volatile` ಹಾಕಿದ ಕೂಡಲೇ `c` ಜೀವ ಬಂದ ಹಾಗೆ ಬದಲಾಗತೊಡಗಿದರೆ ಕಾರಣ ಕಂಪೈಲರೇ. ಆದರೆ ಅದನ್ನೇ ಶಾಶ್ವತ ಪರಿಹಾರ ಮಾಡಬೇಡಿ, ಮುಂದೆ ಯಾರಾದರೂ "ಇದು ಯಾಕೆ?" ಎಂದು ತೆಗೆದುಬಿಡುತ್ತಾರೆ.

`c` ಸೊನ್ನೆಯಲ್ಲ, ಆದರೆ ಮೊತ್ತ ಬಾಕಿ ಇಡದಿದ್ದಾಗಿನದಕ್ಕಿಂತ ಕೆಟ್ಟದಾಗಿದೆ ಎಂದಾದರೆ ಚಿಹ್ನೆ ನೋಡಿ. ಮೇಲಿನ ಕೋಡಿನಲ್ಲಿ ಬಾಕಿಯನ್ನು ಕಳೆಯುತ್ತೇವೆ. ಕೆಲವರು `c = y - (t - sum)` ಎಂದು ಬರೆದು ಮುಂದೆ ಕೂಡುತ್ತಾರೆ. ಎರಡೂ ಸರಿ. ಒಂದರ ಅರ್ಧ, ಇನ್ನೊಂದರ ಅರ್ಧ ಸೇರಿಸಿದರೆ ಮಾತ್ರ ತಪ್ಪು ಇನ್ನೂ ಬೆಳೆಯುತ್ತದೆ.

ಕರೆಂಟ್ ಹೋಗಿ ಬಂದಾಗ ಮಾತ್ರ ತಪ್ಪು ಹುಟ್ಟುತ್ತಿದ್ದರೆ, `sum` ಜೊತೆ `c` ಕೂಡ ಉಳಿಸುತ್ತಿದ್ದೀರಾ ಎಂದು ನೋಡಿ. ಮೊತ್ತವನ್ನು ಸೊನ್ನೆ ಮಾಡುವ ಜಾಗದಲ್ಲಿ `c`ಯನ್ನೂ ಸೊನ್ನೆ ಮಾಡಬೇಕು. ಅವೆರಡೂ ಸೇರಿ ಒಂದೇ ಸಂಖ್ಯೆ ಎಂದು ತಿಳಿದು ನಡೆದುಕೊಳ್ಳಿ.

ಒಂದು ಹುಚ್ಚು ರೀಡಿಂಗ್ ಬಂದಾಗ

ಶುರುವಿನಿಂದಿನ ಸರಾಸರಿ ಬದಲು ಕೊನೆಯ 60 ರೀಡಿಂಗ್‌ಗಳ ಸರಾಸರಿ ಬೇಕು ಅಂದುಕೊಳ್ಳಿ. ಹೊಸದನ್ನು ಕೂಡುತ್ತೇವೆ, 60ರ ಹಿಂದಿನದನ್ನು ಕಳೆಯುತ್ತೇವೆ. 25.3ರಂತೆ ಮೊತ್ತ 1518. ಯಾವತ್ತೋ ಒಂದು ಸಲ ವೈರ್ ಸಡಿಲವಾಗಿ 100 ಕೋಟಿ ಎಂಬ ಹುಚ್ಚು ಸಂಖ್ಯೆ ಒಳಗೆ ಬರುತ್ತದೆ, ಆಮೇಲೆ ತನ್ನ ಸರದಿಯಲ್ಲಿ ಹೊರಗೂ ಹೋಗುತ್ತದೆ. ಅಲ್ಲಿಂದ ಮುಂದೆ ಸರಾಸರಿ 25.6 ಎಂದೇ ಕೂತುಬಿಡುತ್ತದೆ. ಬಾಕಿ ಇಟ್ಟಿದ್ದರೂ!

ಮಧ್ಯದ ರೀಡಿಂಗ್‌ಗಳನ್ನು ಬಿಟ್ಟು ಬರೀ ಆ ಒಂದನ್ನೇ ನೋಡೋಣ. 100 ಕೋಟಿಯ ಹತ್ತಿರ ಮೆಟ್ಟಿಲು 64. 1518 ಸೇರಿದಾಗ ಮೊತ್ತ 1000001518 ಆಗಬೇಕು, ನಿಂತಿದ್ದು 1000001536ರಲ್ಲಿ. 18 ಜಾಸ್ತಿ. ಈಗ `t - sum` ಲೆಕ್ಕ ಹಾಕಿದರೆ 1000000018 ಬರಬೇಕು. ಆದರೆ ಅದೂ 64ರ ಮೆಟ್ಟಿಲ ಮೇಲೇ ನಿಲ್ಲಬೇಕಲ್ಲ, 1000000000ಕ್ಕೆ ಇಳಿಯಿತು. `y` ಕಳೆದರೆ ಸೊನ್ನೆ. ಬಾಕಿಯೇ ಇಲ್ಲ ಎಂದು ಲೆಕ್ಕ ಹೇಳುತ್ತದೆ, 18 ಗಾಳಿಗೆ ಹೋಯಿತು. 100 ಕೋಟಿ ಹೊರಗೆ ಹೋದ ಮೇಲೆ 1536 ಉಳಿಯಿತು. 60ರಿಂದ ಭಾಗಿಸಿದರೆ 25.6.

ಕಹಾನ್ ವಿಧಾನ ಒಂದು ವಿಷಯವನ್ನು ಮೊದಲೇ ನಂಬಿಕೊಂಡಿದೆ: ಮೊತ್ತ ದೊಡ್ಡದು, ಬರುವ ರೀಡಿಂಗ್ ಸಣ್ಣದು. ಇದು ತಿರುವುಮುರುವಾದಾಗ ಬಾಕಿ ಸರಿಯಾಗಿ ಸಿಗುವುದಿಲ್ಲ. ಅರ್ನಾಲ್ಡ್ ನ್ಯೂಮೇಯರ್ 1974ರಲ್ಲಿ ಇದಕ್ಕೆ ಕೊಟ್ಟ ತಿದ್ದುಪಡಿ, ಯಾವುದು ದೊಡ್ಡದು ಎಂದು ನೋಡಿ ಚೂರನ್ನು ಸಣ್ಣದರಿಂದ ಎತ್ತಿಕೊಳ್ಳುವುದು:

```c
float t = sum + x;
if (fabsf(sum) >= fabsf(x))
    c += (sum - t) + x;
else
    c += (x - t) + sum;
sum = t;
```

ಇಲ್ಲಿ ಉತ್ತರ `sum + c`. ಅದೇ ಉದಾಹರಣೆಯಲ್ಲಿ `x - t` ಅಂದರೆ -1536, ಅದಕ್ಕೆ 1518 ಕೂಡಿದರೆ -18. ಬಾಕಿ ಸಿಕ್ಕಿತು. 100 ಕೋಟಿ ಹೊರಗೆ ಹೋದ ಮೇಲೆ 1536 ಮತ್ತು -18 ಸೇರಿ 1518.

ಹಾಗಾದರೆ ಎಲ್ಲ ಕಡೆಯೂ ಇದನ್ನೇ ಹಾಕಿಬಿಡೋಣವೇ? ಬೇಡ. ಗಮನಿಸಿ, ಇಲ್ಲಿ `c` ಮುಂದಿನ ರೀಡಿಂಗಿಗೆ ಸೇರುವುದಿಲ್ಲ, ಸುಮ್ನೆ ಬೆಳೆಯುತ್ತಾ ಹೋಗುತ್ತದೆ. ನಮ್ಮ ಮೊದಲ ಬೋರ್ಡಿನ ಕೆಲಸಕ್ಕೆ ಇದನ್ನು ಹಾಕಿದರೆ, 97 ಲಕ್ಷ ರೀಡಿಂಗ್ ಹೊತ್ತಿಗೆ `c` -2.3 ಕೋಟಿ ಆಗಿರುತ್ತದೆ. ಅಲ್ಲಿ `c`ಯ ಮೆಟ್ಟಿಲೇ 2. ಪ್ರತಿ ಸಲ 6.7 ಕಳೆಯಬೇಕಾದ ಕಡೆ 6 ಮಾತ್ರ ಕಳೆಯುತ್ತದೆ. ಹಳೆಯ ದೋಷವೇ ಇನ್ನೊಂದು ವೇರಿಯಬಲ್‌ಗೆ ಮನೆ ಬದಲಾಯಿಸಿದ ಹಾಗಾಯಿತು. ಅದಕ್ಕೆ ಸಾವಿರ ರೀಡಿಂಗಿಗೊಮ್ಮೆ ಬಾಕಿಯನ್ನು ಮೊತ್ತದೊಳಗೆ ತೀರಿಸಿಬಿಡಬೇಕು:

```c
float t = sum + c;
c = c - (t - sum);
sum = t;
```

ನಾನು ಇಟ್ಟುಕೊಂಡಿರುವ ಪದ್ಧತಿ ಹೀಗಿದೆ. ಒಂದೇ ಚಿಹ್ನೆಯ ರೀಡಿಂಗ್‌ಗಳನ್ನು ಕೂಡುತ್ತಲೇ ಹೋಗುವ ಕೆಲಸಕ್ಕೆ ಕಹಾನ್. ಕೂಡಿ ಕಳೆಯುವ ಕಿಟಕಿಗೆ, ಅಥವಾ ಕಂಪನದಂತೆ ಸೊನ್ನೆಯ ಸುತ್ತ ಆಡುವ ರೀಡಿಂಗಿಗೆ ನ್ಯೂಮೇಯರ್, ಜೊತೆಗೆ ಆಗಾಗ ಬಾಕಿ ತೀರಿಸುವುದು. ಎರಡಕ್ಕೂ ಮೊದಲು, ಸೆನ್ಸರ್ ಕೊಡಲಾಗದಂಥ ರೀಡಿಂಗನ್ನು ಬಾಗಿಲಲ್ಲೇ ತಡೆಯುವುದು. -40ರಿಂದ 125 ಅಳೆಯುವ ಸೆನ್ಸರಿನಿಂದ 100 ಕೋಟಿ ಬಂದರೆ ಅದನ್ನು ಕೂಡುವ ಅಗತ್ಯವೇ ಇಲ್ಲ.

ಇನ್ಫಿನಿಟಿ ಬಂದರಂತೂ ಇನ್ನೂ ಕೆಟ್ಟದ್ದು. ಬಾಕಿಯ ಸಾಲಿನಲ್ಲಿ ಇನ್ಫಿನಿಟಿಯಿಂದ ಇನ್ಫಿನಿಟಿ ಕಳೆದು `c` `NaN` ಆಗುತ್ತದೆ, ಮುಂದಿನ ರೀಡಿಂಗಿನಲ್ಲಿ ಅದು ಮೊತ್ತಕ್ಕೂ ಹತ್ತುತ್ತದೆ. ಮೊತ್ತ `inf` ಬದಲು `NaN` ತೋರಿಸುತ್ತಿದ್ದರೆ ಕಾರಣ ಇದೇ ಇರಬಹುದು. `isfinite` ಹಾಕಿದರೂ ಸೋರುತ್ತಿದೆಯೇ? ಮತ್ತೆ `-ffast-math` ನೋಡಿ. ಇನ್ಫಿನಿಟಿ, `NaN` ಬರುವುದೇ ಇಲ್ಲ ಎಂದು ಅದು ಕಂಪೈಲರಿಗೆ ಭರವಸೆ ಕೊಟ್ಟುಬಿಡುತ್ತದೆ, ಆಗ ಆ ಪರೀಕ್ಷೆಯನ್ನೇ ಕಂಪೈಲರ್ ಅಳಿಸಬಹುದು. -40ರಿಂದ 125ರ ಒಳಗಿದೆಯೇ ಎಂಬ ಹೋಲಿಕೆ ಇನ್ಫಿನಿಟಿಯನ್ನೂ ತಡೆಯುತ್ತದೆ, ಆದರೆ ಆ ಫ್ಲ್ಯಾಗ್ ಇರುವಾಗ `NaN` ವಿಷಯದಲ್ಲಿ ಅದನ್ನೂ ನಂಬಬೇಡಿ.

ಬಾಕಿ ಇಡುವುದರಿಂದ ಸರಿ ಹೋಗದ್ದು

ಸರಾಸರಿ ಸರಿ ಹೋದ ಮೇಲೆ ಮುಂದಿನ ದೂರು ಸಾಮಾನ್ಯವಾಗಿ ವೇರಿಯನ್ಸ್ ಬಗ್ಗೆ ಬರುತ್ತದೆ. ರೀಡಿಂಗ್‌ಗಳ ವರ್ಗಗಳನ್ನು ಕೂಡಿ, ಎಣಿಕೆಯಿಂದ ಭಾಗಿಸಿ, ಸರಾಸರಿಯ ವರ್ಗ ಕಳೆಯುತ್ತಾರೆ. ಉತ್ತರ ಋಣ ಬರುತ್ತದೆ. ಇಲ್ಲಿ ಬಾಕಿ ಇಟ್ಟು ಪ್ರಯೋಜನವಿಲ್ಲ. 25.3ರ ವರ್ಗ 640ರ ಹತ್ತಿರ, ಅಲ್ಲಿ `float` ಮೆಟ್ಟಿಲು 0.00006. ರೀಡಿಂಗ್‌ಗಳು 0.005ರಷ್ಟು ಮಾತ್ರ ಅಲ್ಲಾಡುತ್ತಿದ್ದರೆ ನಿಜವಾದ ವೇರಿಯನ್ಸ್ 0.000025. ಹುಡುಕುತ್ತಿರುವುದೇ ಮೆಟ್ಟಿಲಿಗಿಂತ ಸಣ್ಣದು. ವರ್ಗ ಮಾಡಿದಾಗ, ಕೊನೆಗೆ ಎರಡು ದೊಡ್ಡ ಸಂಖ್ಯೆಗಳನ್ನು ಕಳೆದಾಗ ಅದು ಕರಗಿಹೋಗುತ್ತದೆ. ಅದಕ್ಕೆ 25ನ್ನು ಮೊದಲೇ ಕಳೆದು ಉಳಿದ ಸಣ್ಣ ಭಾಗದ ವರ್ಗ ಕೂಡಿ, ಇಲ್ಲವೇ ಸರಾಸರಿಯನ್ನು ಹೆಜ್ಜೆ ಹೆಜ್ಜೆಗೆ ತಿದ್ದುತ್ತಾ ಹೋಗುವ ವೆಲ್ಫೋರ್ಡ್ ವಿಧಾನ ಬಳಸಿ.

ಮುಚ್ಚುವ ಮೊದಲು ಪರೀಕ್ಷೆ

35 ದಿನ ಕಾಯಬೇಕಿಲ್ಲ. ಸೆನ್ಸರ್ ಬಿಟ್ಟು, 25.3ನ್ನು ಮೂರು ಕೋಟಿ ಸಲ `add`ಗೆ ಕೊಡುವ ಲೂಪ್ ಬರೆಯಿರಿ. ಬೋರ್ಡಿನ ಮೇಲೇ, ರಿಲೀಸ್ ಬಿಲ್ಡಿನಲ್ಲೇ ಓಡಿಸಿ. 25.3 ಒಂದು ವೇರಿಯಬಲ್ ಮೂಲಕ ಬರಲಿ, ಅದನ್ನು `volatile` ಮಾಡಿ. ಇಲ್ಲದಿದ್ದರೆ ಕಂಪೈಲರ್ ಲೂಪನ್ನೇ ಬೇರೆ ರೂಪಕ್ಕೆ ತಿರುಗಿಸಬಹುದು. ಹತ್ತು ಲಕ್ಷಕ್ಕೊಮ್ಮೆ ಮೊತ್ತ, `c`, ಸರಾಸರಿ ಮೂರನ್ನೂ ಪ್ರಿಂಟ್ ಮಾಡಿ. 1.81 ಕೋಟಿ ದಾಟುವಾಗ ಮೊತ್ತ ಇನ್ನೂ 46 ಕೋಟಿಯ ಆಸುಪಾಸಿನಲ್ಲಿರಬೇಕು, ಕೊನೆಗೆ ಮೂರು ಕೋಟಿಯಲ್ಲಿ 75.9 ಕೋಟಿ. `c` ಸೊನ್ನೆಯ ಆಚೆ ಈಚೆ ಓಡಾಡುತ್ತಿರಬೇಕು, ಮೊತ್ತ 53.7 ಕೋಟಿ ದಾಟಿದ ಮೇಲೆ 32ರ ಆಸುಪಾಸಿಗಿಂತ ಆಚೆ ಹೋಗಬಾರದು. ಸರಾಸರಿಯ ಎಲ್ಲ ಸಾಲುಗಳಲ್ಲೂ 25.300 ಇದ್ದರೆ ಮುಚ್ಚಳ ಹಾಕಿ ಸ್ಕ್ರೂ ಬಿಗಿಯಬಹುದು.